ಗ್ರಾಹಕರ ಮಾತಿನ ಸ್ಲೈಡ್: ದೂರನ್ನು ಅಳಿಸಬೇಡಿ

“ಯಂತ್ರ ತುಂಬಾ ಚೆನ್ನಾಗಿದೆ. ಎಲ್ಲರೂ ಕೊಳ್ಳಿ.” ಪಕ್ಕದಲ್ಲಿ ದುಂಡಗೆ ಕತ್ತರಿಸಿದ ಪುಟ್ಟ ಫೋಟೊ. ಕೆಳಗೆ ‘ಸಂತುಷ್ಟ ಗ್ರಾಹಕರು, ಮಲೆನಾಡು’. ಅಡಿಕೆ ಸುಲಿಯುವ ಯಂತ್ರ ಮಾಡುವ ಸಣ್ಣ ಕಂಪನಿಯೊಂದು ಡೀಲರ್‌ಗಳ ಸಭೆಗೆ ಮಾಡಿಕೊಂಡಿದ್ದ ಸ್ಲೈಡ್ ಇದು. ಸರಿ ಮಾಡಿಕೊಡಿ ಎಂದು ನನ್ನ ಹತ್ತಿರ ಬಂದರು. ಬಣ್ಣ, ಫಾಂಟ್ ಬದಲಿಸಿದರೆ ಸಾಕು ಅಂತ ಅವರ ಲೆಕ್ಕ. ಆದರೆ ಆ ಮಾತನ್ನು ಕಂಪನಿಯವರೇ ಕೂತು ಬರೆದಿದ್ದರೂ ಹಾಗೇ ಇರುತ್ತಿತ್ತು, ಅಲ್ವಾ? ಡೀಲರ್‌ಗೂ ಅದೇ ಅನುಮಾನ ಬರುತ್ತದೆ.

ಆ ಬೆಳೆಗಾರರು ನಿಜವಾಗಿ ಏನು ಹೇಳಿದ್ದರು ಎಂದು ಕೇಳಿದೆ. ಫೋನಿನಲ್ಲಿ ರೆಕಾರ್ಡಿಂಗ್ ಇತ್ತು. ಅದರಲ್ಲಿ ಈ ಭಾಗ ಸಿಕ್ಕಿತು: “ಕೊಯ್ಲಿನ ಹೊತ್ತಿಗೆ ಸುಲಿಯೋಕೆ ಜನಾನೇ ಸಿಗಲ್ಲ ನೋಡಿ, ಅದೇ ದೊಡ್ಡ ತಲೆನೋವು. ಈಗ ಅವತ್ತು ಕೊಯ್ದಿದ್ದು ಅವತ್ತೇ ಸುಲಿದು ಮುಗಿಯುತ್ತೆ. ಸಣ್ಣ ಕಾಯಿ ಮಾತ್ರ ಹಾಗೇ ಉಳಿಯುತ್ತೆ, ಅದನ್ನ ಮೆಟ್ಟುಗತ್ತಿಯಲ್ಲೇ ಸುಲಿಬೇಕು.”

ಸ್ಲೈಡಿಗೆ ಬೇಕಾದದ್ದು ಈ ಮಾತು. ಮಾರಾಟದವರು ಕೊನೆಯ ವಾಕ್ಯ ತೆಗೆಯಿರಿ ಎಂದರು. ನಾನು ಒಪ್ಪಲಿಲ್ಲ. ಇಡೀ ಸ್ಲೈಡನ್ನು ನಂಬಿಸುವುದೇ ಆ ವಾಕ್ಯ. ಸಣ್ಣ ಕಾಯಿ ಉಳಿಯುತ್ತದೆ ಎನ್ನುವುದು ಯಂತ್ರ ಓಡಿಸಿದವರಿಗಷ್ಟೇ ಹೊಳೆಯುವ ಸಂಗತಿ, ಅದನ್ನು ಯಾರೂ ಸುಮ್ನೆ ಕಟ್ಟಿ ಹೇಳುವುದಿಲ್ಲ. ಮೇಲಾಗಿ ಡೀಲರ್‌ಗೆ ಅದು ಹೇಗೂ ಗೊತ್ತಾಗುತ್ತದೆ, ಯಂತ್ರ ಕೊಂಡ ಮೊದಲ ರೈತ ಬಂದು ಜಗಳ ಮಾಡಿದಾಗ.

ಮಾತನ್ನು ಚಿಕ್ಕದು ಮಾಡಬೇಕು ನಿಜ. ಸ್ಲೈಡಿನಲ್ಲಿ ಇಪ್ಪತ್ತು ಪದ ದಾಟಿದರೆ ಜನ ಓದುವುದು ಕಷ್ಟ. ನಾನು ಉಳಿಸಿದ್ದು ಇಷ್ಟು: “ಕೊಯ್ಲಿನ ಹೊತ್ತಿಗೆ ಸುಲಿಯೋಕೆ ಜನಾನೇ ಸಿಗಲ್ಲ… ಈಗ ಅವತ್ತು ಕೊಯ್ದಿದ್ದು ಅವತ್ತೇ ಸುಲಿದು ಮುಗಿಯುತ್ತೆ. ಸಣ್ಣ ಕಾಯಿ ಮಾತ್ರ ಹಾಗೇ ಉಳಿಯುತ್ತೆ…” ಪದ ಬಿಡಬಹುದು, ಬಿಟ್ಟ ಕಡೆ ಚುಕ್ಕಿ ಹಾಕಬೇಕು. ಹೊಸ ಪದ ಸೇರಿಸುವ ಹಾಗಿಲ್ಲ. ‘ಸಿಗಲ್ಲ’ ಎಂದದ್ದನ್ನು ‘ಲಭ್ಯವಿರುವುದಿಲ್ಲ’ ಎಂದು ತಿದ್ದಿದರೆ ಮಾತಾಡಿದ ಮನುಷ್ಯನೇ ಮಾಯವಾಗುತ್ತಾನೆ. ಚಿಕ್ಕದು ಮಾಡಿದ್ದನ್ನು ಅವರಿಗೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, “ಹೀಗೆ ಹಾಕಬಹುದಾ?” ಎಂದು ಕೇಳಿ, ಒಪ್ಪಿಗೆಯ ಉತ್ತರವನ್ನು ಎತ್ತಿಟ್ಟುಕೊಳ್ಳಿ. ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. ಜಾಹೀರಾತಿನಲ್ಲಿ ಯಾರಾದರೂ ಒಂದು ವಸ್ತುವಿನ ಪರ ಮಾತಾಡಿದರೆ ಅದು ಅವರ ನಿಜವಾದ, ಇತ್ತೀಚಿನ ಅಭಿಪ್ರಾಯ ಆಗಿರಬೇಕು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಹೇಳುತ್ತದೆ.

ಇನ್ನು ಫೋಟೊ. ದುಂಡಗೆ ಕತ್ತರಿಸಿದ್ದರಲ್ಲಿ ಹಿಂದಿನ ಅಂಗಳ, ಅಡಿಕೆ ರಾಶಿ ಎಲ್ಲ ಹೋಗಿ ಬರೀ ಮುಖ ಉಳಿದಿತ್ತು. ಅಂಥ ಮುಖ ಯಾರದ್ದೂ ಆಗಿರಬಹುದು. ಮೂಲ ಫೋಟೊ ತರಿಸಿ, ಸ್ಲೈಡಿನ ಎಡಗಡೆ ಮೂರರಲ್ಲೊಂದು ಭಾಗವನ್ನು ಮೇಲಿಂದ ಕೆಳಗಿನ ತನಕ ಅದಕ್ಕೇ ಕೊಟ್ಟೆ. 1920x1080 ಅಳತೆಯ ಸ್ಲೈಡಿನಲ್ಲಿ ಅದು 640 ಪಿಕ್ಸೆಲ್ ಅಗಲ, 1080 ಎತ್ತರ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗಿ ಬರುತ್ತದೆ, ದೊಡ್ಡ ಪರದೆಯಲ್ಲಿ ಮಸುಕಾಗಿ ಕಾಣುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಕೇಳಿ. ಅವರು ನೋಡುತ್ತಿರುವ ಕಡೆಗೇ ಮಾತು ಬರಲಿ. ಮಾತು ಆ ಕಡೆ ಹೊಂದದಿದ್ದರೆ ಫೋಟೊವನ್ನು ಇನ್ನೊಂದು ಬದಿಗೆ ಸರಿಸಿ, ಕನ್ನಡಿಯ ಹಾಗೆ ತಿರುಗಿಸಬೇಡಿ. ಅಂಗಿಯ ಗುಂಡಿ ಉಲ್ಟಾ ಆಗುತ್ತದೆ, ಹಿಂದೆ ಬೋರ್ಡ್ ಇದ್ದರೆ ಅಕ್ಷರವೂ ಉಲ್ಟಾ. ಒಬ್ಬರು ಗಮನಿಸಿದರೂ ಸಾಕು, ಉಳಿದದ್ದೆಲ್ಲ ಸುಳ್ಳು ಎನಿಸುತ್ತದೆ.

ಅಕ್ಷರದ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮಾತಿಗೆ 30 ಪಾಯಿಂಟ್, ಹೆಸರಿಗೆ 18. ಸಾಲುಗಳ ನಡುವೆ 1.3ರಷ್ಟು ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಗುಣಿಸಿಗೆ ತಾಗುತ್ತದೆ. ಇಟಾಲಿಕ್ ಬೇಡ. ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ಅದಕ್ಕೆ ಬೇರೆ ಅಕ್ಷರ ಇರುವುದಿಲ್ಲ, ಇದ್ದದ್ದನ್ನೇ ಸಾಫ್ಟ್‌ವೇರ್ ಓರೆ ಮಾಡುತ್ತದೆ.

ಹೆಸರಿನ ಸಾಲಿನಲ್ಲಿ ‘ಸಂತುಷ್ಟ ಗ್ರಾಹಕರು’ ತೆಗೆದು ಪೂರ್ತಿ ಹೆಸರು ಹಾಕಿದೆ. ಅದರ ಕೆಳಗೆ: “ಅಡಿಕೆ ಬೆಳೆಗಾರರು, 4 ಎಕರೆ, ತೀರ್ಥಹಳ್ಳಿ ತಾಲ್ಲೂಕು. ಎರಡು ಕೊಯ್ಲಿನಿಂದ ಬಳಸುತ್ತಿದ್ದಾರೆ.” ಎಕರೆ ಯಾಕೆ ಅಂದರೆ, 4 ಎಕರೆಯವರ ಮಾತು 40 ಎಕರೆಯವರಿಗೆ ಅಷ್ಟಾಗಿ ಅನ್ವಯಿಸುವುದಿಲ್ಲ. ಯಾರಿಗೆ ಹೊಂದುತ್ತದೆ ಎಂದು ಓದುವವರೇ ತೀರ್ಮಾನಿಸಲಿ. ಹೆಸರು ಬೇಡ ಎಂದು ಅವರು ಹೇಳಿದರೆ ಹೆಸರು, ಫೋಟೊ ಎರಡನ್ನೂ ಬಿಟ್ಟು ಉಳಿದ ವಿವರ ಹಾಗೇ ಇಡಿ. ಆ ಜಾಗಕ್ಕೆ ಅಂಗಳದ ಯಂತ್ರದ ಚಿತ್ರ ಸಾಕು. ಇಂಟರ್ನೆಟ್ಟಿನಿಂದ ಯಾವುದೋ ನಗುಮುಖದ ರೈತನ ಚಿತ್ರ ತಂದು ಹಾಕುವುದು ಮೋಸ. ಅದೇ ಚಿತ್ರ ಗೊಬ್ಬರದ ಜಾಹೀರಾತಿನಲ್ಲೂ ಇರುತ್ತದೆ.

ಯಂತ್ರದ ಕಂಪನಿಯ ಹತ್ತಿರ ಇಂಥ ಆರು ಮಾತುಗಳಿದ್ದವು. ಒಂದೇ ಸ್ಲೈಡಿನಲ್ಲಿ ಆರನ್ನೂ ತುಂಬೋಣ ಎಂದರು. ಎರಡನ್ನು ಆರಿಸಿ ಒಂದೊಂದಕ್ಕೆ ಒಂದೊಂದು ಸ್ಲೈಡ್ ಮಾಡಿದೆ. ಸಭೆಗೆ ಮುಂಚೆ ಆ ಇಬ್ಬರಿಗೂ ಫೋನ್ ಮಾಡಿ, ಡೀಲರ್‌ಗಳಿಗೆ ನಿಮ್ಮ ನಂಬರ್ ಕೊಡಬಹುದಾ ಎಂದು ಕೇಳಿಟ್ಟುಕೊಳ್ಳಿ ಎಂದೆ.