ಮೂವತ್ತು ಸೆಕೆಂಡಿನಲ್ಲಿ ಮಣೂಕದ ಗುಟ್ಟು

ವಿಜಯಪುರದ ಸುತ್ತ ದ್ರಾಕ್ಷಿ ಕೊಯ್ಲು ಶುರುವಾದರೆ ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್‌ಗಳಲ್ಲಿ ಹಣ್ಣು ಒಣಗಿಸುವ ಬಲೆಯ ಮೇಲೆ ಬಲೆ ತುಂಬುತ್ತದೆ. ಇದರ ವಿಜ್ಞಾನವನ್ನು ಮೂವತ್ತು ಸೆಕೆಂಡಿನ ರೀಲ್‌ನಲ್ಲಿ ಹೇಳಬೇಕು ಅಂದುಕೊಳ್ಳಿ. ಹೇಳಲು ಏನೇನೋ ಇದೆ. ತಳಿ, ಗೊಂಚಲು ಅದ್ದುವ ದ್ರಾವಣ, ಗಾಳಿ, ನಾಲ್ಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ ಮಣೂಕ ಬರುವ ಲೆಕ್ಕ. ಎಲ್ಲವನ್ನೂ ತುರುಕಿದರೆ ನೋಡಿದವರಿಗೆ ಒಂದೂ ಉಳಿಯುವುದಿಲ್ಲ.

ಮೊದಲು ಜಾಗ ಎಷ್ಟಿದೆ ನೋಡಿ. ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರೆ ಸೆಕೆಂಡಿಗೆ ಐದು ಅಕ್ಷರ ಅಂತ ಇಟ್ಟುಕೊಳ್ಳಬಹುದು. ಮೂವತ್ತು ಸೆಕೆಂಡಿಗೆ ನೂರೈವತ್ತು ಅಕ್ಷರ. ಕನ್ನಡದಲ್ಲಿ ಪದ ಎಣಿಸಿ ಪ್ರಯೋಜನವಿಲ್ಲ. ‘ನೀರು’ ಒಂದು ಪದ, ‘ಒಣಗಿಸುತ್ತಿದ್ದಾರೆ’ ಕೂಡ ಒಂದೇ ಪದ. ‘ಎಲ್ಲರಿಗೂ ನಮಸ್ಕಾರ, ಇವತ್ತಿನ ವಿಡಿಯೋದಲ್ಲಿ ನಾವು ತಿಳಿದುಕೊಳ್ಳೋಣ’ ಅನ್ನುವಷ್ಟರಲ್ಲಿ ಐದಾರು ಸೆಕೆಂಡು ಹೋಗಿರುತ್ತದೆ, ವಿಷಯ ಇನ್ನೂ ಬಂದೇ ಇಲ್ಲ.

ಹಾಗಾಗಿ ಮೊದಲ ವಾಕ್ಯದಲ್ಲೇ ಸಮಸ್ಯೆ ಇರಬೇಕು, ಅದೂ ಒಂದೇ ಒಂದು. ‘ಮಣೂಕ ಹೇಗೆ ಮಾಡುತ್ತಾರೆ’ ಅನ್ನುವುದು ಸಮಸ್ಯೆಯಲ್ಲ, ಬರೀ ವಿಷಯ. ಏನೋ ಒಂದು ಅಡ್ಡ ಬಂದಿದೆ ಅಂತ ಅನಿಸಿದರೆ ಮಾತ್ರ ಅದು ಸಮಸ್ಯೆ. ಇಲ್ಲಿ ಅಡ್ಡ ಬಂದಿರುವುದು ದ್ರಾಕ್ಷಿಯ ಸಿಪ್ಪೆ. ಒಳಗೆ ಮುಕ್ಕಾಲಿಗಿಂತ ಜಾಸ್ತಿ ನೀರಿದೆ, ಆದರೂ ಹೊರಗೆ ಬರುತ್ತಿಲ್ಲ. ಸ್ಕ್ರಿಪ್ಟ್ ಹೀಗೆ ಬರೆಯಬಹುದು:

“ದ್ರಾಕ್ಷಿಯನ್ನು ಹಾಗೇ ನೆರಳಿಗೆ ಹರವಿದರೆ ಒಣಗಲು ತಿಂಗಳು ಬೇಕು. ಒಳಗಿನ ನೀರು ಯಾಕೆ ಹೊರಗೆ ಬರುತ್ತಿಲ್ಲ?

ಹಣ್ಣಿನ ಮೇಲಿನ ಬಿಳಿ ಪುಡಿ ನೋಡಿ. ಅದು ಮೇಣ. ನೀರನ್ನು ಒಳಗೇ ತಡೆದಿಡುತ್ತದೆ. ಗೊಂಚಲನ್ನು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಅದ್ದಿದರೆ ಮೇಣ ಸಡಿಲಾಗುತ್ತದೆ. ಒಳಗಿನ ನೀರು ಹೊರಬೀಳುತ್ತದೆ. ಹದಿನೈದು ದಿನಕ್ಕೆ ಮಣೂಕ ತಯಾರು.

ಒಣಗಲು ಗಾಳಿಯೊಂದೇ ಸಾಲದು, ಸಿಪ್ಪೆಯೂ ನೀರು ಬಿಡಬೇಕು.”

ಎಣಿಸಿ ನೋಡಿದರೆ ಸುಮಾರು 140 ಅಕ್ಷರ. ಸಮಸ್ಯೆಗೆ ಎಂಟು ಸೆಕೆಂಡು, ಉತ್ತರಕ್ಕೆ ಹದಿನಾರು, ಕೊನೆಯ ಮಾತಿಗೆ ನಾಲ್ಕು. ಉಳಿದ ಒಂದೆರಡು ಸೆಕೆಂಡು ಉಸಿರಿಗೆ.

ಸಮಸ್ಯೆಯನ್ನು ಯಾವ ಅಳತೆಯಲ್ಲಿ ಹೇಳಿದ್ದೇವೋ ಉತ್ತರವೂ ಅದೇ ಅಳತೆಯಲ್ಲಿ ಬಂದಿದೆ. ಶುರುವಿನಲ್ಲಿ ‘ತಿಂಗಳು’, ಉತ್ತರದಲ್ಲಿ ‘ಹದಿನೈದು ದಿನ’. ‘ಒಳ್ಳೆಯ ಮಣೂಕ ಸಿಗುತ್ತದೆ’ ಅಂದಿದ್ದರೆ ಕೇಳಿದ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ. ನಾಲ್ಕು ಕಿಲೋಗೆ ಒಂದು ಕಿಲೋ ಅನ್ನುವ ಲೆಕ್ಕ ನನಗೆ ತುಂಬಾ ಇಷ್ಟ. ಆದರೆ ಅದು ‘ಮಣೂಕ ಯಾಕೆ ದುಬಾರಿ’ ಅನ್ನುವ ಬೇರೆಯೇ ಪ್ರಶ್ನೆಯ ಉತ್ತರ, ಅದಕ್ಕೆ ಇನ್ನೊಂದು ರೀಲ್ ಬೇಕು. ಲೀಟರಿಗೆ ಸುಮಾರು 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್ ಅನ್ನುವ ಪ್ರಮಾಣವನ್ನೂ ಬಿಟ್ಟಿದ್ದೇನೆ. ಅದು ಅದ್ದುವವರಿಗೆ ಬೇಕು, ನೋಡುವವರಿಗಲ್ಲ.

ಬಿಡುವುದು ಬೇರೆ, ತಪ್ಪು ಹೇಳುವುದು ಬೇರೆ. ‘ಮೇಣ ಕರಗುತ್ತದೆ’ ಅಂದರೆ ಬೇಗ ಅರ್ಥವಾಗುತ್ತದೆ, ಆದರೆ ಅದು ನಿಜವಲ್ಲ. ಮೇಣ ಸಿಪ್ಪೆಯ ಮೇಲೆಯೇ ಇರುತ್ತದೆ. ಒಂದರ ಮೇಲೊಂದು ಕೂತ ಅದರ ಸಣ್ಣ ಸಣ್ಣ ಹಾಳೆಗಳ ಜೋಡಣೆ ಬದಲಾಗಿ, ನಡುವೆ ನೀರು ಸಾಗಲು ದಾರಿಯಾಗುತ್ತದೆ. ‘ಸಡಿಲ’ ಅನ್ನುವ ಒಂದು ಪದ ಇದಕ್ಕೆ ಹತ್ತಿರ ಬರುತ್ತದೆ, ಹೆಚ್ಚಾಗುವುದು ಒಂದೇ ಒಂದು ಅಕ್ಷರ. ಉಳಿದದ್ದನ್ನು ಚಿತ್ರಕ್ಕೆ ಬಿಡಿ. ‘ಬಿಳಿ ಪುಡಿ ನೋಡಿ’ ಅನ್ನುವ ಹೊತ್ತಿಗೆ ಒಂದು ಬೆರಳು ಹಣ್ಣನ್ನು ಉಜ್ಜಿ, ಒರೆಸಿದ ಜಾಗ ಹೊಳೆಯಬೇಕು.

ಕೊನೆಯ ಸಾಲಿನಲ್ಲಿ ಹೊಸ ಮಾಹಿತಿ ಬೇಡ. ‘ವಿಜಯಪುರದ ಮಣೂಕ ಕೊಳ್ಳಿ’ ಅಂದರೆ ಜಾಹೀರಾತಾಗುತ್ತದೆ. ದ್ರಾಕ್ಷಿಯ ಆಚೆಗೂ ಸಲ್ಲುವ ಮಾತಾದರೆ ಒಳ್ಳೆಯದು. ಇಡೀ ಟೊಮೆಟೊಗಿಂತ ಕತ್ತರಿಸಿದ ಟೊಮೆಟೊ ಬೇಗ ಒಣಗುವುದಕ್ಕೂ ಸಿಪ್ಪೆಯೇ ಕಾರಣ ಅಲ್ವಾ?

ಅಪ್‌ಲೋಡ್ ಮಾಡುವ ಮುಂಚೆ ವಿಷಯ ಗೊತ್ತಿಲ್ಲದ ಒಬ್ಬರಿಗೆ ಒಮ್ಮೆ ಮಾತ್ರ ತೋರಿಸಿ, ‘ಏನು ತಿಳೀತ್ರಿ?’ ಅಂತ ಕೇಳಿ. ‘ಮಣೂಕದ್ದು ಏನೋ ಹೇಳ್ಯಾರ’ ಅಂದರೆ ಸಮಸ್ಯೆಯ ಸಾಲು ಹಿಡಿದಿಲ್ಲ. ‘ದ್ರಾಕ್ಷಿಗೆ ಔಷಧ ಹಾಕ್ತಾರ’ ಅಂದರೆ ಮೇಣದ ಮಾತು ಜಾರಿಹೋಗಿದೆ, ದ್ರಾವಣ ಮಾತ್ರ ಉಳಿದಿದೆ. ಆಗ ‘ಅದು ಮೇಣ’ ಅಂದ ಮೇಲೆ ಒಂದು ಸೆಕೆಂಡು ಸುಮ್ನೆ ಬಿಡಿ. ಆ ಸೆಕೆಂಡು ಬೇಕಾದರೆ ‘ಒಳಗಿನ ನೀರು ಹೊರಬೀಳುತ್ತದೆ’ ಅನ್ನುವ ಸಾಲನ್ನೇ ತೆಗೆಯಿರಿ. ಮೇಣ ಸಡಿಲಾಯಿತು ಅಂದಾಗಲೇ ಅದು ಗೊತ್ತಾಗಿರುತ್ತದೆ.