ಸಾಲ ವರ್ಗಾವಣೆ: ಹೊಸ ಪತ್ರಕ್ಕೂ ಮೊದಲು ಹಳೇ ಪತ್ರ ಓದಿ

ಮನೆ ಸಾಲವನ್ನು ಬೇರೆ ಬ್ಯಾಂಕಿಗೆ ಬದಲಾಯಿಸುವ ಆಫರ್ ಪತ್ರ ಬಂದರೆ ನಾನು ಮೊದಲು ಕೇಳುವುದು ಹಳೇ ಸಾಲದ ಕರಾರು ಪತ್ರವನ್ನು. ಸಾಲವನ್ನು ಅವಧಿಗೂ ಮೊದಲೇ ಮುಗಿಸಿದ್ದಕ್ಕೆ ಹಳೇ ಕಡೆ ಕಟ್ಟಬೇಕಾದ ಫೋರ್‌ಕ್ಲೋಷರ್ ಶುಲ್ಕ ಹೊಸ ಬ್ಯಾಂಕಿನ ಪತ್ರದಲ್ಲಿ ಇರುವುದಿಲ್ಲ.

ಹಾಸನದ ವಿದ್ಯಾನಗರದಲ್ಲಿರುವ ನಮ್ಮ ಭಾವನವರ ಲೆಕ್ಕವನ್ನೇ ನೋಡೋಣ. ಬಾಕಿ 20 ಲಕ್ಷ, ಉಳಿದ ಅವಧಿ 15 ವರ್ಷ, ಬಡ್ಡಿ ಶೇ. 9.5. ಹೊಸ ಆಫರ್ ಶೇ. 8.5. ಅವಧಿ ಅಷ್ಟೇ ಇಟ್ಟರೆ ಕಂತು 20,884ರಿಂದ 19,695ಕ್ಕೆ ಇಳಿಯುತ್ತದೆ, ತಿಂಗಳಿಗೆ 1,189 ರೂಪಾಯಿ ಉಳಿತಾಯ. ಭಾವ ಸಹಿ ಹಾಕಲು ಹೊರಟಿದ್ದರು.

ವ್ಯಕ್ತಿಗಳ ಫ್ಲೋಟಿಂಗ್, ಅಂದರೆ ಏರಿಳಿಯುವ, ದರದ ಮನೆ ಸಾಲಕ್ಕೆ ಬ್ಯಾಂಕುಗಳು ಫೋರ್‌ಕ್ಲೋಷರ್ ಶುಲ್ಕ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಆದರೆ ಇವರ ಕರಾರಿನಲ್ಲಿ "ಮೊದಲ 3 ವರ್ಷ ಸ್ಥಿರ ದರ, ನಂತರ ಫ್ಲೋಟಿಂಗ್" ಎಂದಿತ್ತು. ಸ್ಥಿರ ಅವಧಿಯಲ್ಲಿ ಸಾಲ ಮುಗಿಸಿದರೆ ಬಾಕಿಯ ಶೇ. 2 ಶುಲ್ಕ. ಅಂದರೆ 40,000, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 47,200. ಹೊಸ ಕಡೆಯ ಪ್ರೊಸೆಸಿಂಗ್ ಶುಲ್ಕ, ವಕೀಲರ ಅಭಿಪ್ರಾಯ, ಮನೆಯ ಮೌಲ್ಯಮಾಪನ ಸೇರಿ 17,800. ಒಟ್ಟು 65,000 ಮರಳಿ ಬರಲು ಸುಮಾರು 55 ತಿಂಗಳು ಬೇಕು.

"ಸ್ಥಿರ ಅವಧಿ ಯಾವತ್ತು ಮುಗಿಯುತ್ತೆ ಭಾವ?" ಎಂದೆ. ಇನ್ನು 4 ತಿಂಗಳಷ್ಟೇ ಇತ್ತು! ಕಾದರೆ ಕೈಬಿಡುವ ಉಳಿತಾಯ ಸುಮಾರು 4,756. ಆಮೇಲೆ ಸಾಲ ಫ್ಲೋಟಿಂಗ್ ಆಗುವುದರಿಂದ 47,200 ಕಟ್ಟಬೇಕಿಲ್ಲ. ಉಳಿದ ಖರ್ಚು 15 ತಿಂಗಳಲ್ಲಿ ಮರಳುತ್ತದೆ. ಫ್ಲೋಟಿಂಗ್‌ಗೆ ತಿರುಗಿದಾಗ ಹಳೇ ದರ ಎಷ್ಟಾಗುತ್ತದೆ ಎಂದೂ ಬರಹದಲ್ಲಿ ಕೇಳಿ, ಅದು ಇಳಿದರೆ ಬದಲಾಯಿಸುವ ಅಗತ್ಯವೇ ಇಲ್ಲದಿರಬಹುದು.

ಇನ್ನು ಹೊಸ ದರದ ಬಗೆ. ಬ್ಯಾಂಕಿನ ಫ್ಲೋಟಿಂಗ್ ಮನೆ ಸಾಲ, ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರವಾದ ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿರಬೇಕು, 3 ತಿಂಗಳಿಗೊಮ್ಮೆಯಾದರೂ ಪರಿಷ್ಕರಣೆಯಾಗಬೇಕು. ಗೃಹ ಹಣಕಾಸು ಕಂಪನಿಗಳು ತಮ್ಮದೇ ಮೂಲ ದರ ಇಟ್ಟುಕೊಳ್ಳಬಹುದು. ಇವತ್ತು ಎರಡೂ ಶೇ. 8.5 ಇರಬಹುದು, ರೆಪೊ ಇಳಿದಾಗ ಎರಡನೆಯದು ತಾನಾಗಿ ಇಳಿಯುತ್ತದೆಂಬ ಖಾತ್ರಿಯಿಲ್ಲ. "ರೆಪೊ + ಇಷ್ಟು" ಎಂದು ಪತ್ರದಲ್ಲಿ ಬಿಡಿಸಿ ಬರೆದಿರಲೇಬೇಕು.

ಪತ್ರದ ಹಿಂದೆ ಪಿನ್ ಮಾಡಿದ್ದ ಹಾಳೆಯಲ್ಲಿ 35,000ದ ವಿಮಾ ಕಂತು ಇತ್ತು. ಅದನ್ನು ಸಾಲಕ್ಕೇ ಸೇರಿಸಿ 20,35,000 ಮಾಡುತ್ತಿದ್ದರು. ಹಾಗಾದರೆ ಕಂತು ಸುಮಾರು 20,040, ಉಳಿತಾಯ 844ಕ್ಕೆ ಕುಸಿಯುತ್ತದೆ. ಇಂಥವನ್ನು ಹಿಡಿಯಲು ಪತ್ರದ ಜೊತೆ ಕೊಡಬೇಕಾದ ಕೆಎಫ್‌ಎಸ್, ಅಂದರೆ ಸಾಲದ ಮುಖ್ಯ ಅಂಶಗಳ ಹಾಳೆ ನೋಡಿ. ಎಲ್ಲ ಖರ್ಚು ಸೇರಿಸಿದ ವಾರ್ಷಿಕ ದರ, ಎಪಿಆರ್, ಅಲ್ಲಿರುತ್ತದೆ. ಅದರಲ್ಲಿ ಹೇಳದ ಶುಲ್ಕವನ್ನು ಸಾಲಗಾರರ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲಿ ಮಾಡುವಂತಿಲ್ಲ. ಆ ವಿಮೆಯ ಹಾಳೆಗೆ ಹಾಕುವ ಸಹಿಯೇ ಆ ಒಪ್ಪಿಗೆ.

ಭಾವ ಅದೊಂದು ಹಾಳೆ ಬಿಚ್ಚಿ ತೆಗೆದಿಟ್ಟು, ಸ್ಥಿರ ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು.