ತೋಳು ಇಳಿಯಿತು, ಬಳೆ ಎರಡು ಮಾಯ

ತೀರ್ಥಹಳ್ಳಿಯ ನೆಂಟರ ಮನೆಯ ಸೀಮಂತದ ಫೋಟೊ ನನ್ನ ಕೈಗೆ ಬಂತು. ಮೊಣಕೈಗಿಂತ ಮೇಲೇ ನಿಂತಿದ್ದ ರವಿಕೆಯ ತೋಳು ತ್ರೀ-ಫೋರ್ತ್ ಆಗಬೇಕಂತೆ. ಶಿವಮೊಗ್ಗದಲ್ಲಿ ಕೂತು ಎಐ ತಂತ್ರಾಂಶಕ್ಕೆ ಕೊಟ್ಟೆ. ತೋಳು ಚೆನ್ನಾಗಿಯೇ ಇಳಿಯಿತು. ಅತ್ತಿಗೆ ಮಾತ್ರ ನೋಡಿದ್ದು ಬಳೆಯನ್ನು: "ಹನ್ನೊಂದಿತ್ತಲ್ಲೋ, ಒಂಬತ್ತೇ ಇದಾವೆ!"

ಉಡುಪು ಬದಲಿಸುವ ತಂತ್ರಾಂಶ ಮೊದಲು ಒಂದು ಮಾಸ್ಕ್ ಹಾಕುತ್ತದೆ. ಅಂದರೆ 'ಇಷ್ಟು ಭಾಗ ಅಳಿಸಿ ಹೊಸದಾಗಿ ಬರಿ' ಎಂದು ಗೆರೆ ಎಳೆಯುತ್ತದೆ. ಹಳೆಯ ತೋಳಿನ ಅಂಚು ಉಳಿದುಬಿಟ್ಟರೆ ಹೊಸ ತೋಳೂ ಅಷ್ಟೇ ಉದ್ದ ಬಂದೀತೆಂದು, ಸಾಮಾನ್ಯವಾಗಿ ಭುಜದಿಂದ ಮಣಿಕಟ್ಟಿನವರೆಗೆ ಅಳಿಸುತ್ತದೆ. ಅಂಗೈ, ಬೆರಳು ಬಚಾವ್. ಬಳೆ, ವಾಚು ಇರುವುದು ಸರಿಯಾಗಿ ಆ ಗಡಿಯಲ್ಲೇ. ಅಳಿಸಿದ ಮೇಲೆ ಎಣಿಸಲು ಅಲ್ಲಿ ಏನೂ ಇರುವುದಿಲ್ಲ, ಬಳೆಯಂಥದ್ದೇನನ್ನೋ ಬರೆದು ಕೈ ತೊಳೆದುಕೊಳ್ಳುತ್ತದೆ.

ಹಾಗಾಗಿ ಮಾಸ್ಕನ್ನು ನಾನೇ ಬರೆದೆ. ಮೊದಲ ಬಳೆಗಿಂತ ಸ್ವಲ್ಪ ಮೇಲೆ, ಒಂದಿಷ್ಟು ಚರ್ಮ ಕಾಣುವಂತೆ ನಿಲ್ಲಿಸಿದೆ. ಈಗ ಬಳೆ ಹನ್ನೊಂದೂ ಬಂದವು, ಆದರೆ ಗಾಜಿನ ಹೊಳಪು ಕಲಸಿಹೋಗಿತ್ತು. ಮುಟ್ಟಬೇಡ ಎಂದ ಜಾಗವೂ ಬದಲಾಗಿದ್ದು ಹೇಗೆ?

ಇಂಥ ಹಲವು ತಂತ್ರಾಂಶಗಳು ಚಿತ್ರವನ್ನು ಮೊದಲು ಕುಗ್ಗಿಸಿಕೊಂಡು ಕೆಲಸ ಮಾಡುತ್ತವೆ. 2022ರ ಸ್ಟೇಬಲ್ ಡಿಫ್ಯೂಷನ್‌ನಲ್ಲಿ 8×8 ಪಿಕ್ಸೆಲ್‌ನ ಒಂದು ಚೌಕದ 192 ಬಣ್ಣದ ಅಂಕಿಗಳು ಬರೀ 4 ಅಂಕಿಗಳಾಗುತ್ತವೆ. ವಾಪಸ್ ಹಿಗ್ಗಿಸುವಾಗ ಇಡೀ ಫೋಟೊ ಮರುಸೃಷ್ಟಿಯೇ, ಮಾಸ್ಕಿನ ಹೊರಗಿನದೂ ಸೇರಿ. ಅಗಲವಾದ ಗೋಡೆಗೆ ಇದರಿಂದ ಏನೂ ಆಗದು. ನಾಲ್ಕೈದು ಪಿಕ್ಸೆಲ್ ದಪ್ಪದ ಬಳೆ, ವಾಚಿನ ಮುಳ್ಳು ಇಂಥವು ಕೆಡುತ್ತವೆ.

ಮದ್ದು ಸರಳ: ಮೂಲ ಫೋಟೊವನ್ನು ಮೇಲಿನ ಪದರವಾಗಿಟ್ಟು, ಹೊಸ ತೋಳಿನ ಜಾಗದಲ್ಲಿ ಮಾತ್ರ ಕಿಂಡಿ ಕೊರೆಯುವುದು. ಕಿಂಡಿಯ ಅಂಚನ್ನು ಮೂರ್ನಾಲ್ಕು ಪಿಕ್ಸೆಲ್ ಮೆದು ಮಾಡಬೇಕು. ಆ ಮೆದು ಅಂಚು ಚರ್ಮದ ಮೇಲೆ ಬೀಳಲಿ, ಬಳೆಯ ಮೇಲೆ ಬಿದ್ದರೆ ಎರಡೆರಡು ನೆರಳು ಕಾಣುತ್ತದೆ.

ಸರಿಯಾಗಿದೆಯೇ ಎಂದು ಕಣ್ಣನ್ನು ನಂಬಬೇಡಿ. ಫೋಟೊ ತಿದ್ದುವ ತಂತ್ರಾಂಶವಾದ ಗಿಂಪ್‌ನಲ್ಲಿ ಮೂಲ, ತಿದ್ದಿದ್ದು ಎರಡೂ ಫೋಟೊ ಒಂದರ ಮೇಲೊಂದಿಟ್ಟು ಪದರದ ಮೋಡ್ `Difference` ಮಾಡಿ. ಬದಲಾಗದ ಜಾಗ ಅಪ್ಪಟ ಕಪ್ಪು. ಬಳೆಯ ಜಾಗದಲ್ಲಿ ಬೂದು ಗೀರು ಕಂಡರೆ ಅಲ್ಲಿ ಕೈಯಾಡಿದೆ ಎಂದೇ ಅರ್ಥ. ಜೆಪೆಗ್ ಆಗಿ ಉಳಿಸಿದರೆ ಅದೇ ಎಲ್ಲೆಡೆ ಬೂದು ತರುತ್ತದೆ, ಪರೀಕ್ಷೆಗೆ ಪಿಎನ್‌ಜಿ ಇರಲಿ.

ತೋಳು ಗಿಡ್ಡ ಮಾಡುವುದು ಮಾತ್ರ ಬೇರೆಯೇ ಫಜೀತಿ. ಬಟ್ಟೆಯಡಿ ಇದ್ದ ಮಚ್ಚೆ, ಹಚ್ಚೆ, ಅರ್ಧ ಮುಚ್ಚಿದ ವಾಚಿನ ಉಳಿದರ್ಧ ಫೋಟೊದಲ್ಲಿ ಇಲ್ಲವೇ ಇಲ್ಲ. ತಂತ್ರಾಂಶ ಬರೆದದ್ದೆಲ್ಲ ಊಹೆ. ಅರ್ಧ ವಾಚು ಕಂಡರೆ ತೋಳನ್ನು ಅಲ್ಲಿಗೇ ಬಿಟ್ಟುಬಿಡುತ್ತೇನೆ, ಇಲ್ಲವೇ ಅದೇ ದಿನದ ಬೇರೆ ಫೋಟೊ ಕೇಳುತ್ತೇನೆ.

ಅತ್ತಿಗೆ ಕೊನೆಯ ಪ್ರತಿಯನ್ನು ದೊಡ್ಡದು ಮಾಡಿ ಎರಡು ಸಲ ಎಣಿಸಿದರು. ಹನ್ನೊಂದು.